ಮಾರ್ಚ್ ತಿಂಗಳ ಖರ್ಚು, ಏಪ್ರಿಲ್ ತಿಂಗಳ ಬಿಲ್ಲು

ಗದಗದಲ್ಲಿ ಒಂದು ಸಣ್ಣ ಮುದ್ರಣಾಲಯವಿದೆ ಎಂದುಕೊಳ್ಳೋಣ. ಕಳೆದ ಏಪ್ರಿಲ್ 1ಕ್ಕೆ ಶುರುವಾಗಿ ಈಗ ಮೊದಲ ವರ್ಷ ಮುಗಿಸಿದೆ. ಮಾರ್ಚ್ 31ರ ಸಂಜೆ ಲೆಕ್ಕ ಬರೆಯುವವರು ಕಂಪ್ಯೂಟರಿನಲ್ಲಿ ಲಾಭ-ನಷ್ಟ ಖಾತೆ ತೆಗೆದರೆ 2,40,000 ರೂಪಾಯಿ ಲಾಭ ಕಾಣುತ್ತದೆ. ಮಾಲೀಕರಿಗೆ ಸಂತೋಷವೇ. ಆದರೆ ಆ ಮೊತ್ತದ ಮೂರರಲ್ಲಿ ಒಂದು ಪಾಲು ಲಾಭವೇ ಅಲ್ಲ.

ಯಾರೂ ಕಳ್ಳಲೆಕ್ಕ ಬರೆದಿಲ್ಲ. ವರ್ಷವಿಡೀ ದುಡ್ಡು ಕೊಟ್ಟಾಗಲೆಲ್ಲ ಖರ್ಚು ಎಂದು ಬರೆಯುತ್ತ ಹೋಗಿದ್ದಾರೆ, ಅಷ್ಟೇ. ದುಡ್ಡು ಕೊಟ್ಟ ದಿನವೂ ಅದರ ಪ್ರಯೋಜನ ಪಡೆದ ದಿನವೂ ಬೇರೆಬೇರೆಯಾಗಿದ್ದರೆ ವರ್ಷದ ನಡುವೆ ಅದರಿಂದ ತೊಂದರೆಯಿಲ್ಲ. ಆ ಎರಡು ದಿನಗಳ ನಡುವೆ ಮಾರ್ಚ್ 31 ಬಂದು ನಿಂತಾಗ ಮಾತ್ರ ಒಂದು ವರ್ಷದ ಖರ್ಚು ಇನ್ನೊಂದು ವರ್ಷಕ್ಕೆ ಜಾರಿಬಿಡುತ್ತದೆ. ಅದನ್ನು ಎಳೆದು ಅದರದೇ ವರ್ಷಕ್ಕೆ ಸೇರಿಸುವ ಜರ್ನಲ್ ಎಂಟ್ರಿಗಳೇ ಹೊಂದಾಣಿಕೆ ನಮೂದುಗಳು. ಇವು ನಗದನ್ನಾಗಲಿ ಬ್ಯಾಂಕ್ ಖಾತೆಯನ್ನಾಗಲಿ ಮುಟ್ಟುವುದಿಲ್ಲ. ವರ್ಷಾಂತ್ಯದ ಹೊಂದಾಣಿಕೆಯಲ್ಲಿ ಬ್ಯಾಂಕಿನ ಹೆಸರು ಬಂದಿದ್ದರೆ ಏನೋ ತಪ್ಪಾಗಿದೆ ಎಂದೇ ತಿಳಿಯಬೇಕು.

ಮೊದಲು ಕೊಡದೇ ಉಳಿದದ್ದನ್ನು ನೋಡೋಣ. ಮುದ್ರಣಾಲಯದ ಸಂಬಳ ತಿಂಗಳಿಗೆ 60,000. ಮಾರ್ಚ್ ತಿಂಗಳ ಸಂಬಳ ಕೈಗೆ ಹೋಗುವುದು ಏಪ್ರಿಲ್ 5ಕ್ಕೆ. ಹಾಗಾಗಿ ಪುಸ್ತಕದಲ್ಲಿ ಹನ್ನೊಂದೇ ತಿಂಗಳ ಸಂಬಳವಿದೆ, ಕೆಲಸ ಮಾತ್ರ ಹನ್ನೆರಡು ತಿಂಗಳೂ ನಡೆದಿದೆ. ಮಾರ್ಚ್ ತಿಂಗಳ ವಿದ್ಯುತ್ ಬಿಲ್ಲು 9,200 ರೂಪಾಯಿ, ಅದೂ ಏಪ್ರಿಲ್‌ನಲ್ಲೇ ಬಂತು. ಇದಲ್ಲದೆ ಜೂನ್ 1ರಂದು ಪರಿಚಿತರೊಬ್ಬರಿಂದ ಪಡೆದ ಎಂಟು ಲಕ್ಷದ ಸಾಲವಿದೆ. ಬಡ್ಡಿ ವರ್ಷಕ್ಕೆ ಶೇ 12, ಆರು ತಿಂಗಳಿಗೊಮ್ಮೆ ಕೊಡುವ ಮಾತು. ನವೆಂಬರ್ ಕೊನೆಯವರೆಗಿನ ಬಡ್ಡಿ ಕೊಟ್ಟಾಗಿದೆ, ಮುಂದಿನ ಕಂತು ಮೇ ಕೊನೆಗೆ. ಸಾಲ ಕೊಟ್ಟವರು ಇನ್ನೂ ಕೇಳಿಲ್ಲ, ಕೇಳುವ ಹಕ್ಕೂ ಅವರಿಗೆ ಇನ್ನೂ ಬಂದಿಲ್ಲ. ಆದರೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಾಲ್ಕು ತಿಂಗಳು ಅವರ ದುಡ್ಡಿನಲ್ಲಿ ಯಂತ್ರ ಓಡಿದೆ. ತಿಂಗಳಿಗೆ 8,000ದಂತೆ 32,000 ಬಡ್ಡಿ ಈ ವರ್ಷದ್ದೇ. ಸಂಬಳವನ್ನು ಯಾರೂ ಮರೆಯುವುದಿಲ್ಲ, ಕೇಳಲು ಜನರಿರುತ್ತಾರೆ. ಹೀಗೆ ಸದ್ದಿಲ್ಲದೆ ಬೆಳೆಯುವ ಬಡ್ಡಿಯೇ ಹೆಚ್ಚಾಗಿ ಕಣ್ತಪ್ಪುವುದು.

ಮೂರಕ್ಕೂ ನಮೂದಿನ ರೀತಿ ಒಂದೇ. ಸಂಬಂಧಪಟ್ಟ ಖರ್ಚಿನ ಖಾತೆಗೆ ಡೆಬಿಟ್, ಬಾಕಿ ವೆಚ್ಚದ ಖಾತೆಗೆ ಕ್ರೆಡಿಟ್. ಖರ್ಚು ಏರಿದ್ದರಿಂದ ಲಾಭ 1,01,200 ಇಳಿಯಿತು. ಅಷ್ಟೇ ಮೊತ್ತ ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆಗಾರಿಕೆಯಾಗಿ ಕುಳಿತಿತು.

ಮುಂಗಡ ಕೊಟ್ಟದ್ದು ಇದಕ್ಕೆ ತಿರುವುಮುರುವು. ನವೆಂಬರ್ 1ರಿಂದ ಒಂದು ವರ್ಷಕ್ಕೆ ಯಂತ್ರಗಳಿಗೂ ಕಾಗದದ ದಾಸ್ತಾನಿಗೂ ವಿಮೆ ಮಾಡಿಸಿ 36,000 ಕಟ್ಟಿದ್ದಾರೆ, ಪೂರ್ತಿ ಖರ್ಚಿಗೆ ಬರೆದಿದ್ದಾರೆ. ಮಾರ್ಚ್‌ವರೆಗೆ ಕಳೆದದ್ದು ಐದು ತಿಂಗಳ ರಕ್ಷಣೆ, ಅಂದರೆ 15,000. ಉಳಿದ ಏಳು ತಿಂಗಳಿನ 21,000ಕ್ಕೆ ಪ್ರತಿಫಲ ಇನ್ನೂ ಬರಬೇಕಿದೆ. ಹಾಗಾಗಿ ಅದು ಇಂದಿಗೆ ಆಸ್ತಿ. ಮುಂಗಡ ವಿಮೆ ಖಾತೆಗೆ ಡೆಬಿಟ್, ವಿಮಾ ವೆಚ್ಚಕ್ಕೆ ಕ್ರೆಡಿಟ್. ಎಣಿಸಬೇಕಾದದ್ದು ಪಾಲಿಸಿ ಜಾರಿಗೆ ಬಂದ ದಿನದಿಂದ, ದುಡ್ಡು ಕಟ್ಟಿದ ದಿನದಿಂದಲ್ಲ. ಮಾರ್ಚ್ 25ಕ್ಕೆ ಕಟ್ಟಿದ ಕಂತಿನ ಪಾಲಿಸಿ ಏಪ್ರಿಲ್ 1ರಿಂದ ಶುರುವಾಗುವುದಾದರೆ ಪೂರ್ತಿ ಮೊತ್ತವೂ ಮುಂಗಡವೇ. ಪಾಲಿಸಿ ತಿಂಗಳ ನಡುವೆ ಶುರುವಾಗಿದ್ದರೆ ದಿನಗಳ ಲೆಕ್ಕದಲ್ಲಿ ಹಂಚುತ್ತಾರೆ.

ಇಲ್ಲೊಂದು ಎಡವಟ್ಟು ಆಗಾಗ ಆಗುತ್ತದೆ. ಮಳಿಗೆ ಹಿಡಿಯುವಾಗ ಕೊಟ್ಟ ‘ಅಡ್ವಾನ್ಸ್’ ಅನ್ನೂ ಕೆಲವರು ಮುಂಗಡ ವೆಚ್ಚಕ್ಕೆ ಸೇರಿಸುತ್ತಾರೆ. ಅದು ಮಳಿಗೆ ಬಿಟ್ಟಾಗ ವಾಪಸು ಬರುವ ಠೇವಣಿ, ತಿಂಗಳು ಕಳೆದಂತೆ ಕರಗುವುದಿಲ್ಲ. ಅದನ್ನು ಠೇವಣಿ ಎಂದೇ ತೋರಿಸಬೇಕು. ಇನ್ನು ಆಫೀಸಿನ ಮೊಬೈಲಿಗೆ ಹಾಕಿಸಿದ ಮೂರು ತಿಂಗಳ ರೀಚಾರ್ಜನ್ನು ದಿನ ಎಣಿಸಿ ಭಾಗ ಮಾಡುವವರೂ ಇದ್ದಾರೆ. ಲೆಕ್ಕ ಶುದ್ಧವೇ, ಆದರೆ ಆ ಹೊತ್ತನ್ನು ಬಡ್ಡಿಯ ಪತ್ರ ಹುಡುಕಲು ಬಳಸಿದರೆ ಹೆಚ್ಚು ಉಪಯೋಗ.

ಎಲ್ಲ ಸೇರಿ 2,40,000ದಲ್ಲಿ 1,01,200 ಕಳೆದು 21,000 ಕೂಡಿಸಿದರೆ ನಿಜವಾದ ಲಾಭ 1,59,800.

ಎರಡನೇ ವರ್ಷದಿಂದ ಈ ತಾಪತ್ರಯ ಯಾಕೆ, ಹಿಂದಿನ ಮಾರ್ಚ್ ಸಂಬಳ ಈ ವರ್ಷ ಕೊಡುತ್ತೇವೆ, ಈ ಮಾರ್ಚ್‌ನದು ಮುಂದಿನ ವರ್ಷ, ಹೇಗೂ ಹನ್ನೆರಡು ತಿಂಗಳೇ ಬಂತಲ್ಲ ಎಂದು ಕೇಳುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ನಡುವೆ ಇಬ್ಬರು ಹೊಸಬರು ಸೇರಿ ಸಂಬಳ 90,000ಕ್ಕೆ ಏರಿದ್ದರೆ, 60,000 ಕೊಟ್ಟ ಮಾರ್ಚ್ ಒಳಗೆ ಬಂದು 90,000ದ ಮಾರ್ಚ್ ಹೊರಗೆ ಉಳಿಯುತ್ತದೆ. ಲಾಭ 30,000 ಹೆಚ್ಚು ಕಾಣುತ್ತದೆ. ಸಂಬಳ ಏರದಿದ್ದರೂ, ಮಾರ್ಚ್ 31ಕ್ಕೆ ಕೆಲಸಗಾರರಿಗೆ ಕೊಡಬೇಕಾದ ಬಾಕಿ ಬ್ಯಾಲೆನ್ಸ್ ಶೀಟಿನಲ್ಲಿ ಇರುವುದೇ ಇಲ್ಲ. ಕಂಪನಿಗಳಿಗಂತೂ ಈ ಪ್ರಶ್ನೆ ಏಳುವುದಿಲ್ಲ. 2013ರ ಕಂಪನಿ ಕಾಯ್ದೆಯ 128ನೇ ಕಲಂ ಪ್ರಕಾರ ಅವು ಬಾಕಿ-ಮುಂಗಡಗಳನ್ನೂ ಲೆಕ್ಕಕ್ಕೆ ಹಿಡಿದೇ ಪುಸ್ತಕ ಇಡಬೇಕು.

ನಮೂದು ಮಾಡುವುದಕ್ಕಿಂತ ಹೆಚ್ಚು ತಪ್ಪು ಆಗುವುದು ಏಪ್ರಿಲ್‌ನಲ್ಲಿ. ಏಪ್ರಿಲ್ 10ಕ್ಕೆ 9,200ರ ವಿದ್ಯುತ್ ಬಿಲ್ಲು ಕಟ್ಟಿದಾಗ ಅಭ್ಯಾಸಬಲದಿಂದ ಕೈ ‘ವಿದ್ಯುತ್ ವೆಚ್ಚ’ದ ಕಡೆಗೇ ಹೋಗುತ್ತದೆ. ಆಗ ಅದೇ ಬಿಲ್ಲು ಮಾರ್ಚ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ ಖರ್ಚಾಗುತ್ತದೆ. ಕೊಟ್ಟು ತೀರಿಸಿದ ಸಾಲ ಪುಸ್ತಕದಲ್ಲಿ ಹಾಗೇ ಉಳಿಯುತ್ತದೆ. ಸರಿಯಾದ ಕ್ರಮದಲ್ಲಿ ಪಾವತಿಯ ಡೆಬಿಟ್ ಬಾಕಿ ವೆಚ್ಚದ ಖಾತೆಗೆ ಹೋಗಬೇಕು. ಅದು ನೆನಪಿರುವುದಿಲ್ಲ ಎನ್ನುವವರು ಏಪ್ರಿಲ್ 1ರಂದೇ ಮಾರ್ಚ್ 31ರ ನಮೂದನ್ನು ತಿರುವಿ ಬರೆದುಬಿಡುತ್ತಾರೆ. ಬಾಕಿ ಖಾತೆಗೆ ಡೆಬಿಟ್, ವಿದ್ಯುತ್ ವೆಚ್ಚಕ್ಕೆ ಕ್ರೆಡಿಟ್. ಆಗ ಹೊಸ ವರ್ಷದ ವಿದ್ಯುತ್ ಖಾತೆ 9,200 ಮೈನಸ್‌ನಿಂದ ಶುರುವಾಗುತ್ತದೆ. ಬಿಲ್ಲು ಕಟ್ಟಿ ಎಂದಿನಂತೆ ಬರೆದರೂ ಎರಡೂ ಹೊಡೆದುಕೊಂಡು ಸೊನ್ನೆಯಾಗುತ್ತದೆ. ಸಣ್ಣ ಕಚೇರಿಗಳಿಗೆ ಈ ದಾರಿಯೇ ಮೇಲು ಎಂದು ನನ್ನ ಅನಿಸಿಕೆ, ಯಾಕೆಂದರೆ ಯಾರ ನೆನಪನ್ನೂ ಇದು ನಂಬಿಕೊಂಡಿಲ್ಲ. ವಿಮೆಯ 21,000ವನ್ನೂ ಹೀಗೇ ವಾಪಸು ಖರ್ಚಿಗೆ ತರಬಹುದು. ತಿಂಗಳ ಲಾಭ ನೋಡುವ ಅಭ್ಯಾಸವಿದ್ದರೆ ಮಾತ್ರ ಅಕ್ಟೋಬರ್‌ವರೆಗೆ ತಿಂಗಳಿಗೆ 3,000ದಂತೆ ಬರೆಯುತ್ತ ಹೋಗಬೇಕು.

ತಪ್ಪಾಗಿದೆಯೇ ಎಂದು ಪತ್ತೆ ಹಚ್ಚಲು ಜೂನ್‌ನಲ್ಲಿ ಎರಡು ಖಾತೆ ತೆರೆದರೆ ಸಾಕು. ಸಂಬಳ, ವಿದ್ಯುತ್ತು, ಬಡ್ಡಿ ಎಲ್ಲ ಕೊಟ್ಟಾದ ಮೇಲೂ ಬಾಕಿ ವೆಚ್ಚದ ಖಾತೆಯಲ್ಲಿ ಮಾರ್ಚ್‌ನ ಮೊತ್ತ ಕುಳಿತೇ ಇದ್ದರೆ ಎರಡೆರಡು ಬಾರಿ ಖರ್ಚು ಬರೆದಿದ್ದಾರೆ. ವಿದ್ಯುತ್ ಖಾತೆಯಲ್ಲಿ ಹೊಸ ವರ್ಷಕ್ಕೆ ಸೇರಿದ ತಿಂಗಳುಗಳಿಗಿಂತ ಒಂದು ಬಿಲ್ಲು ಹೆಚ್ಚು ಉಳಿದಿದ್ದರೂ ಕಾರಣ ಅದೇ. ಮುಂಗಡ ವಿಮೆಯ ಖಾತೆಯನ್ನು ಅಕ್ಟೋಬರ್ ಕಳೆದ ಮೇಲೆ ನೋಡಬೇಕು. ಅಲ್ಲಿ ಹಳೆಯ ಪಾಲಿಸಿಯ ಒಂದು ರೂಪಾಯಿ ಉಳಿದಿದ್ದರೂ, ಮುಗಿದುಹೋದ ಪಾಲಿಸಿ ಇನ್ನೂ ಆಸ್ತಿಯ ಪಟ್ಟಿಯಲ್ಲಿದೆ ಎಂದಾಯಿತು.

ಪುಸ್ತಕದಲ್ಲಿ ಖರ್ಚು ಎಂದು ಬರೆದದ್ದೆಲ್ಲ ಆದಾಯ ತೆರಿಗೆಯ ಲೆಕ್ಕದಲ್ಲೂ ಅದೇ ವರ್ಷ ಕಳೆಯಲು ಬರುತ್ತದೆ ಎಂದೇನಿಲ್ಲ. ಸಾಲ ಬ್ಯಾಂಕಿನದಾಗಿದ್ದರೆ ಅದರ ಬಾಕಿ ಬಡ್ಡಿಯನ್ನು, ಹಾಗೆಯೇ ಭವಿಷ್ಯ ನಿಧಿಗೆ ಮಾಲೀಕರು ಕೊಡಬೇಕಾದ ಪಾಲನ್ನು, ರಿಟರ್ನ್ ಸಲ್ಲಿಸುವ ಗಡುವಿನೊಳಗೆ ನಿಜವಾಗಿ ಕಟ್ಟಿರಬೇಕು. ಕಟ್ಟದಿದ್ದರೆ ಲೆಕ್ಕಪುಸ್ತಕದ ಲಾಭಕ್ಕೆ ಅಷ್ಟನ್ನು ಮತ್ತೆ ಕೂಡಿಸಿ ತೆರಿಗೆ ಹಾಕುತ್ತಾರೆ, ಕಟ್ಟಿದ ವರ್ಷ ಅದನ್ನು ಕಳೆಯಲು ಬಿಡುತ್ತಾರೆ. ಹಾಗಾಗಿ ಅನುಭವಿ ಲೆಕ್ಕಿಗರು ಮಾರ್ಚ್‌ನ ಬಾಕಿ ಪಟ್ಟಿಯಲ್ಲಿ ಪ್ರತಿ ಸಾಲಿನ ಎದುರು ಅದನ್ನು ಕಟ್ಟಿದ ತಾರೀಖು ಬರೆಯಲು ಒಂದು ಕಾಲಂ ಖಾಲಿ ಬಿಟ್ಟಿರುತ್ತಾರೆ.