ಖಾನಾವಳಿಗೆ ರೊಟ್ಟಿ ಕೊಡುವ ಮುನ್ನ ಒಂದು ಪುಟದ ಕರಾರು

ಹುಬ್ಬಳ್ಳಿಯ ಕಡೆಯ ಖಾನಾವಳಿಗಳಲ್ಲಿ ಊಟಕ್ಕೆ ಬಡಿಸುವ ಖಡಕ್ ರೊಟ್ಟಿಯಲ್ಲಿ ಹೊರಗಿನ ಮನೆಗಳಲ್ಲಿ ತಟ್ಟಿ ಬೇಯಿಸಿದ್ದೂ ಇರುತ್ತದೆ. ಒಂದು ಮಹಿಳಾ ಸಂಘ ದಿನಕ್ಕೆ 300 ರೊಟ್ಟಿ ಕೊಡಲು ಮುಂದಾಗುತ್ತದೆ ಎಂದಿಟ್ಟುಕೊಳ್ಳಿ. ಮಾಲೀಕರ ಮುಂದೆ ಏನೇನು ಬರೆದಿಡಬೇಕು?

ಮೊದಲು ಮಾದರಿ. ಅಂದೇ ಮಾಡಿದ ರೊಟ್ಟಿ ಯಾರದ್ದಾದರೂ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ದಿನನಿತ್ಯದ ಕೆಲಸದಿಂದಲೇ ಎತ್ತಿದ 25 ರೊಟ್ಟಿ ಕೊಟ್ಟು, ಅರ್ಧ ಇಂದು, ಉಳಿದದ್ದು ಐದನೇ ದಿನ ಬಡಿಸಿ ನೋಡಲು ಹೇಳಬೇಕು. ಸರಿಯಾಗಿ ಒಣಗದ ರೊಟ್ಟಿ ಅಷ್ಟರಲ್ಲಿ ಮೆತ್ತಗಾಗಿರುತ್ತದೆ, ಮಳೆಗಾಲದಲ್ಲಿ ಬೂಸಲೂ ಹಿಡಿಯಬಹುದು. ಒಪ್ಪಿಗೆಯಾದ ರೊಟ್ಟಿಯ ಅಗಲ ಮತ್ತು ತೂಕವನ್ನು ಕರಾರಿನಲ್ಲಿ ಬರೆದರೆ ಮುಂದೆ ತಕರಾರಿಗೆ ಜಾಗವಿಲ್ಲ.

ಇನ್ನು ದರ. ಕಿಲೋ ಹಿಟ್ಟಿಗೆ 20 ರೊಟ್ಟಿ ಬರುತ್ತವೆ, ಬೀಸಿದ ಹಿಟ್ಟು ಕಿಲೋಗೆ 60 ರೂಪಾಯಿ ಬೀಳುತ್ತದೆ ಎಂದರೆ, ರೊಟ್ಟಿಗೆ ಹಿಟ್ಟಿನ ಖರ್ಚೇ 3 ರೂಪಾಯಿ. ಕೂಲಿ 2 ರೂಪಾಯಿ, ಉರುವಲು ಮತ್ತು ಸಾಗಣೆಗೆ 1 ರೂಪಾಯಿ ಸೇರಿಸಿದರೆ 6. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲದ್ದರಿಂದ ಒಣ ರೊಟ್ಟಿ ಬೇಗ ಮುರಿಯುತ್ತದೆ. ನೂರಕ್ಕೆ ಐದು ಮುರಿದರೂ ಖರ್ಚು 6.30 ದಾಟುತ್ತದೆ. 7 ರೂಪಾಯಿ ಕೇಳುವುದು ನ್ಯಾಯ. ಜೋಳದ ಬೆಲೆ ಶೇ. 10ಕ್ಕಿಂತ ಹೆಚ್ಚು ಏರಿದರೂ ಇಳಿದರೂ 15 ದಿನ ಮೊದಲು ತಿಳಿಸಿ ದರ ಬದಲಿಸುವ ಮಾತೂ ಕರಾರಿನಲ್ಲಿರಲಿ.

ಖಡಕ್ ರೊಟ್ಟಿಯನ್ನು ದಿನಾ ಹೊರಬೇಕಿಲ್ಲ. ಸೋಮವಾರ 900, ಗುರುವಾರ 1,200, ಊಟದ ಗದ್ದಲಕ್ಕೆ ಮೊದಲು, ಬೆಳಿಗ್ಗೆ ಹತ್ತರೊಳಗೆ ಮುಟ್ಟಿಸಿದರೆ ಸಾಕು. ಎದುರಿಗೇ ಎಣಿಸಿ, ಮುರಿದದ್ದನ್ನು ಕಳೆದು, ಎರಡು ಪ್ರತಿಯ ಪುಸ್ತಕದಲ್ಲಿ ಸಹಿ ಪಡೆಯಬೇಕು. ಆಮೇಲೆ ಮುರಿದದ್ದು ಖಾನಾವಳಿಯ ಲೆಕ್ಕ.

ಸಣ್ಣ ಸಂಘಗಳು ಸೋಲುವುದು ಹೆಚ್ಚಾಗಿ ಉದ್ರಿಯಲ್ಲಿ. ವಾರಕ್ಕೊಮ್ಮೆ ಹಣ ಬಂದರೆ ಹೊರಗೆ ನಿಲ್ಲುವ ಬಾಕಿ 14,700 ರೂಪಾಯಿ. ತಿಂಗಳಿಗೊಮ್ಮೆ ಎಂದರೆ 63,000. ಅಷ್ಟು ದಿನ ಜೋಳ ಕೊಳ್ಳಲು, ಕೂಲಿ ಕೊಡಲು ಸಂಘ ಸಾಲ ಮಾಡಬೇಕಾಗುತ್ತದೆ, ಅದರ ಬಡ್ಡಿ ಆ ಸುಮಾರು 70 ಪೈಸೆಯ ಲಾಭವನ್ನೇ ತಿನ್ನುತ್ತದೆ. ಆದ್ದರಿಂದ ಮಾಲೀಕರು ತಿಂಗಳ ಗಡುವು ಕೇಳಿದರೆ ದರವನ್ನೂ ಅದಕ್ಕೆ ತಕ್ಕಂತೆ ಏರಿಸಿ ಹೇಳಬೇಕು. ಎರಡು ಬಿಲ್ ಬಾಕಿಯಾದರೆ ಮೂರನೇ ಸಲ ರೊಟ್ಟಿ ಇಳಿಸುವುದಿಲ್ಲ ಎಂದೂ ಬರೆಯಬೇಕು.

ಉದ್ಯಮ್ ನೋಂದಣಿ ಪಡೆದ ಸಣ್ಣ ತಯಾರಕರಿಗೆ 2006ರ ಎಂಎಸ್‌ಎಂಇ ಕಾಯ್ದೆಯ ಬಲವಿದೆ. ಲಿಖಿತ ಕರಾರಿದ್ದರೂ ಗಡುವು 45 ದಿನ ಮೀರುವಂತಿಲ್ಲ, ಕರಾರೇ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ ಕೇಳುವ ಹಕ್ಕಿದೆ. ಆ ಹಕ್ಕು ಸಾಬೀತಾಗಲು ಸಹಿಯಾದ ಪುಸ್ತಕ ಬೇಕು. ಮೊದಲ ಬುಟ್ಟಿ ಹೊರುವ ದಿನವೇ ಅದನ್ನು ಕೊಂಡೊಯ್ಯಿರಿ.