ಲೆಕ್ಕದ ಸುದ್ದಿ: ಆಗಿಂದಾಗಲೋ, ಕಂತೆಯಾಗಿಯೋ?

ಅಂಚೆಯ ಕೆಂಪು ಪೆಟ್ಟಿಗೆಯನ್ನು ನಾವೆಲ್ಲರೂ ಕಂಡಿದ್ದೇವೆ. ಬೆಳಿಗ್ಗೆ ಹಾಕಿದ ಕಾಗದವೂ ಮಧ್ಯಾಹ್ನ ಹಾಕಿದ ಕಾಗದವೂ ಪೆಟ್ಟಿಗೆಯನ್ನು ತೆರೆಯುವ ಹೊತ್ತಿನವರೆಗೆ ಅದರೊಳಗೆ ಜೊತೆಯಾಗಿ ಕಾಯುತ್ತವೆ. 2013ರ ಜುಲೈವರೆಗೆ ನಮ್ಮ ದೇಶದಲ್ಲಿದ್ದ ತಂತಿಯ ರೀತಿ ಬೇರೆ. ಸುದ್ದಿಯೊಂದು ಬಂದರೆ ಅದನ್ನು ಒಂಟಿಯಾಗಿಯೇ ಆ ಕೂಡಲೇ ರವಾನಿಸುತ್ತಿದ್ದರು. ಇಂದಿನ ವ್ಯಾಪಾರ ಸಂಸ್ಥೆಗಳ ಗಣಕಯಂತ್ರಗಳು ಪರಸ್ಪರ ಮಾತನಾಡುವಾಗಲೂ ಈ ಎರಡೇ ರೀತಿಗಳು ಕಾಣುತ್ತವೆ. ಯಾವುದು ಎಲ್ಲಿ ಸಲ್ಲುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ದೊಡ್ಡ ಸಂಸ್ಥೆಯೊಂದರ ಸರಕು, ಖರೀದಿ, ಮಾರಾಟ, ಸಂಬಳ, ಜಮಾ-ಖರ್ಚು ಇವೆಲ್ಲವನ್ನೂ ಒಂದೇ ಕಡೆ ದಾಖಲಿಸಿಡುವ ಗಣಕ ವ್ಯವಸ್ಥೆಗೆ ಇ.ಆರ್.ಪಿ. ಎಂದು ಹೆಸರು. ಇದು ಸಂಸ್ಥೆಯ ಮೂಲ ಖಾತೆ ಪುಸ್ತಕವಿದ್ದಂತೆ. ಇದರ ಸುತ್ತ ಬೇರೆ ಬೇರೆ ತಂತ್ರಾಂಶಗಳು ಇರುತ್ತವೆ: ಅಂಗಡಿಯಲ್ಲಿ ಬಿಲ್ಲು ಬರೆಯುವುದೊಂದು, ಜಾಲತಾಣದಲ್ಲಿ ಆರ್ಡರು ಪಡೆಯುವುದೊಂದು, ನೌಕರರ ಹಾಜರಿ ಹಿಡಿಯುವುದೊಂದು. ಒಂದರಲ್ಲಿ ನಡೆದುದು ಇನ್ನೊಂದಕ್ಕೆ ತಿಳಿಯಬೇಕು. ನಿಗದಿಯಾದ ಹೊತ್ತಿಗೆ ಎಲ್ಲವನ್ನೂ ಒಟ್ಟುಗೂಡಿಸಿ ಕಳುಹಿಸಿದರೆ ಅದು ಬ್ಯಾಚ್ ಪದ್ಧತಿ. ನಾವು ಇದನ್ನು ಕಂತೆ ಎನ್ನೋಣ. ಒಂದೊಂದು ಘಟನೆ ನಡೆದೊಡನೆ ಅದರ ಸುದ್ದಿಯನ್ನು ಬಿಡಿಯಾಗಿ ಕಳುಹಿಸಿದರೆ ಅದು ಈವೆಂಟ್ ಪದ್ಧತಿ, ಎಂದರೆ ಘಟನಾ ಪದ್ಧತಿ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪಾತ್ರೆಗಳನ್ನು ಮಾರುವ ಒಂದು ಸಂಸ್ಥೆಗೆ ಒಂದು ಉಗ್ರಾಣ, ಅದರ ಮುಂದೆ ಒಂದು ಮಾರಾಟದ ಕಟ್ಟೆ, ಮತ್ತು ಒಂದು ಜಾಲತಾಣ ಇವೆಯೆಂದು ಭಾವಿಸೋಣ. ಕಟ್ಟೆಯ ಮಾರಾಟವನ್ನು ಇ.ಆರ್.ಪಿ. ಕೂಡಲೇ ಬರೆದುಕೊಳ್ಳುತ್ತದೆ. ಆದರೆ ಜಾಲತಾಣಕ್ಕೆ ದಾಸ್ತಾನಿನ ಸುದ್ದಿ ಹೋಗುವುದು ಪ್ರತಿದಿನ ರಾತ್ರಿ 2 ಗಂಟೆಗೆ ಮಾತ್ರ. ಒಂದು ರಾತ್ರಿ ಉಗ್ರಾಣದಲ್ಲಿ ಐದು ಲೀಟರಿನ ಕುಕ್ಕರುಗಳು 12 ಇದ್ದವು. ಮರುದಿನ ಕಟ್ಟೆಯಲ್ಲಿ ಗಂಟೆಗೊಂದರಂತೆ 9 ಕುಕ್ಕರುಗಳು ಮಾರಾಟವಾದವು, ಉಳಿದುವು 3. ಇದನ್ನು ಅರಿಯದ ಜಾಲತಾಣವು ತನ್ನ 12ರ ಲೆಕ್ಕವನ್ನೇ ನಂಬಿ 5 ಆರ್ಡರುಗಳನ್ನು ಒಪ್ಪಿಕೊಂಡಿತು. ಹಣ ಕೊಟ್ಟ ಇಬ್ಬರು ಗ್ರಾಹಕರಿಗೆ ಕುಕ್ಕರು ಇಲ್ಲವಾಯಿತು.

ತಪ್ಪು ಎಲ್ಲಿದೆ? ಯಾವ ಯಂತ್ರವೂ ಕೆಟ್ಟಿಲ್ಲ. ಜಾಲತಾಣದ ಸುದ್ದಿ ಹಳೆಯದಾಗಿತ್ತು, ಅಷ್ಟೆ. ದಿನಕ್ಕೊಮ್ಮೆ ಕಂತೆ ಬಂದರೆ ಸುದ್ದಿಯ ವಯಸ್ಸು ಸೊನ್ನೆಯಿಂದ 24 ಗಂಟೆಯವರೆಗೆ ಬೆಳೆಯುತ್ತದೆ. ಸರಾಸರಿ 12 ಗಂಟೆ. ಆದರೆ ವಯಸ್ಸೊಂದನ್ನೇ ನೋಡಿ ತೀರ್ಮಾನಿಸಲಾಗದು. ಅದೇ ಉಗ್ರಾಣದಲ್ಲಿ 2,000 ಸೌಟುಗಳಿದ್ದು ದಿನಕ್ಕೆ 40 ಮಾರಾಟವಾಗುತ್ತವೆ ಎನ್ನೋಣ. ಅಲ್ಲಿಯೂ ಸುದ್ದಿ ಅಷ್ಟೇ ಹಳೆಯದು; ಆದರೂ ಯಾರಿಗೂ ನಷ್ಟವಿಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆ ಇದು: ಎರಡು ಕಂತೆಗಳ ನಡುವಣ ಅವಧಿಯಲ್ಲಿ ಆಗಬಹುದಾದ ಬದಲಾವಣೆಯು, ನಾವು ತಾಳಿಕೊಳ್ಳಬಲ್ಲ ತಪ್ಪಿಗಿಂತ ಹೆಚ್ಚೋ ಕಡಿಮೆಯೋ? ಸೌಟಿನಲ್ಲಿ ಅದು ತೀರ ಕಡಿಮೆ, ಕುಕ್ಕರಿನಲ್ಲಿ ಹೆಚ್ಚು. ಕುಕ್ಕರಿಗಾದರೂ ಕಂತೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ಕಾಲು ಗಂಟೆಗೊಮ್ಮೆ ಕಳುಹಿಸಿದರೆ ಆ ಅವಧಿಯಲ್ಲಿ ಆಗುವ ಮಾರಾಟ ಸರಾಸರಿ ಕಾಲು ಕುಕ್ಕರು ಮಾತ್ರ. ಕೊನೆಯ ಒಂದೆರಡನ್ನು ಜಾಲತಾಣದಲ್ಲಿ ತೋರಿಸದೆ ಹಿಡಿದಿಟ್ಟರೆ ಬಹುಮಟ್ಟಿಗೆ ಕೆಲಸ ಸಾಗುತ್ತದೆ. ಸರಕು ಕಡಿಮೆ, ಬೇಡಿಕೆ ಬಿರುಸು ಎಂಬಲ್ಲಿ ಮಾತ್ರ ಘಟನಾ ಪದ್ಧತಿ ಅನಿವಾರ್ಯವಾಗುತ್ತದೆ.

ಘಟನೆಯ ಸುದ್ದಿ ಹೇಗಿರುತ್ತದೆ? ಒಂದು ಮಾದರಿಯನ್ನು ನೋಡಿ.

```
{ "eventId": "E-5071", "type": "StockChanged",
  "item": "PC-05", "seq": 318, "onHand": 7 }
```

ಮೊದಲನೆಯದು ಸುದ್ದಿಯ ಗುರುತಿನ ಸಂಖ್ಯೆ. ದಾಸ್ತಾನು ಬದಲಾಯಿತೆಂಬುದು ಅದರ ಬಗೆ. `PC-05` ಎಂಬುದು ಕುಕ್ಕರಿನ ಸಂಕೇತ. `seq` ಎಂಬುದು ಆ ಕುಕ್ಕರಿನ ಸುದ್ದಿಗಳ ಕ್ರಮಸಂಖ್ಯೆ, `onHand` ಎಂಬುದು ಈಗ ಕೈಯಲ್ಲಿರುವ ಸಂಖ್ಯೆ. ಇಲ್ಲಿ "ಒಂದನ್ನು ಕಳೆ" ಎಂದು ಬರೆಯದೆ "ಈಗ 7 ಇವೆ" ಎಂದು ಬರೆದಿರುವುದನ್ನು ವಾಚಕರು ಗಮನಿಸಬೇಕು. ಇದಕ್ಕೆ ಕಾರಣವುಂಟು.

ಸುದ್ದಿ ತಲುಪಿದೊಡನೆ ಪಡೆದವನು "ಬಂದಿತು" ಎಂಬ ಸ್ವೀಕೃತಿಯನ್ನು ಹಿಂದಕ್ಕೆ ಕಳುಹಿಸುತ್ತಾನೆ. ಸುದ್ದಿ ತಲುಪಿ, ಸ್ವೀಕೃತಿ ಮಾತ್ರ ದಾರಿಯಲ್ಲಿ ಕಳೆದುಹೋದರೆ? ಕಳುಹಿಸಿದವನಿಗೆ ಸುದ್ದಿಯೇ ಕಳೆದುಹೋದಂತೆ ತೋರುತ್ತದೆ. ಅವನು ಮತ್ತೊಮ್ಮೆ ಕಳುಹಿಸುತ್ತಾನೆ. ಆದುದರಿಂದ ಸುದ್ದಿಯನ್ನು ಬಿಡದೆ ತಲುಪಿಸುವ ಹಟವುಳ್ಳ ಯಾವ ವ್ಯವಸ್ಥೆಯಲ್ಲಿಯೂ ಒಂದೇ ಸುದ್ದಿ ಎರಡು ಸಲ ಬರುವ ಸಂಭವ ಇದ್ದೇ ಇರುತ್ತದೆ. "ಒಂದನ್ನು ಕಳೆ" ಎಂಬುದು ಎರಡು ಸಲ ಬಂದರೆ ಎರಡು ಕುಕ್ಕರು ಕಳೆಯುತ್ತವೆ. "ಈಗ 7 ಇವೆ" ಎಂಬುದು ಹತ್ತು ಸಲ ಬಂದರೂ 7 ಏಳಾಗಿಯೇ ಉಳಿಯುತ್ತದೆ. ಇನ್ನು, 319ನೆಯ ಸುದ್ದಿ ಮೊದಲು ಬಂದು 318ನೆಯದು ತಡವಾಗಿ ಬರುವುದೂ ಉಂಟು. ಕೊನೆಯಲ್ಲಿ ಸ್ವೀಕರಿಸಿದ ಕ್ರಮಸಂಖ್ಯೆಗಿಂತ ದೊಡ್ಡದನ್ನು ಮಾತ್ರ ಒಪ್ಪುವುದೆಂಬ ನಿಯಮವಿದ್ದರೆ ಹಳೆಯ ಸುದ್ದಿಯು ಹೊಸದನ್ನು ಅಳಿಸಲಾರದು.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಇ.ಆರ್.ಪಿ.ಯು ಮಾರಾಟವನ್ನು ಬರೆದುಕೊಂಡು, ಸುದ್ದಿಯನ್ನು ಕಳುಹಿಸುವ ಮೊದಲೇ ವಿದ್ಯುತ್ತು ಹೋಯಿತೆನ್ನಿ. ಮಾರಾಟ ಖಾತೆಯಲ್ಲಿದೆ, ಸುದ್ದಿ ಹುಟ್ಟಲೇ ಇಲ್ಲ. ಇದಕ್ಕೆ ಪರಿಹಾರವಾಗಿ ಕಳುಹಿಸಬೇಕಾದ ಸುದ್ದಿಯನ್ನು ಮಾರಾಟದೊಡನೆ ಅದೇ ದತ್ತಾಂಶ ಕೋಶದ ಬೇರೊಂದು ಪಟ್ಟಿಯಲ್ಲಿ ಬರೆದಿಡುತ್ತಾರೆ. ಎರಡೂ ಬರಹಗಳು ಒಂದೇ ವ್ಯವಹಾರಕ್ಕೆ ಸೇರಿರುವುದರಿಂದ ಉಳಿದರೆ ಎರಡೂ ಉಳಿಯುತ್ತವೆ, ಅಳಿದರೆ ಎರಡೂ ಅಳಿಯುತ್ತವೆ. ಆ ಪಟ್ಟಿಯನ್ನು ಓದಿ ಸುದ್ದಿಗಳನ್ನು ರವಾನಿಸುವ ಕೆಲಸ ಇನ್ನೊಂದು ಪ್ರೋಗ್ರಾಮಿನದು. ಇದನ್ನು ಔಟ್‌ಬಾಕ್ಸ್ ಎಂದು ಕರೆಯುತ್ತಾರೆ. ಇಷ್ಟಾದರೂ ಸುದ್ದಿ ತಲುಪಲು ಒಂದಿಷ್ಟು ಹೊತ್ತು ಹಿಡಿಯುತ್ತದೆ. ಕಟ್ಟಕಡೆಯ ಕುಕ್ಕರಿನ ವಿಷಯದಲ್ಲಿ ಅದನ್ನೂ ತಾಳಲಾಗದೆಂದಾದರೆ, ಆರ್ಡರನ್ನು ಒಪ್ಪುವ ಕ್ಷಣದಲ್ಲಿ ಜಾಲತಾಣವು ಇ.ಆರ್.ಪಿ.ಯನ್ನೇ ನೇರವಾಗಿ ಕೇಳಬೇಕು.

ಘಟನಾ ಪದ್ಧತಿಯ ದೊಡ್ಡ ಅಪಾಯವೆಂದರೆ ಮೌನ. ಸುದ್ದಿಯ ದಾರಿ ಮುಚ್ಚಿಹೋದಾಗ ಜಾಲತಾಣಕ್ಕೆ ಯಾವ ಸುದ್ದಿಯೂ ಬರುವುದಿಲ್ಲ. ಕಟ್ಟೆಯಲ್ಲಿ ವ್ಯಾಪಾರವೇ ಇಲ್ಲದ ದಿನವೂ ಬರುವುದಿಲ್ಲ. ಇವೆರಡನ್ನು ಬೇರ್ಪಡಿಸುವುದು ಹೇಗೆ? ಔಟ್‌ಬಾಕ್ಸಿನಲ್ಲಿ ರವಾನೆಯಾಗದೆ ಉಳಿದಿರುವ ಅತ್ಯಂತ ಹಳೆಯ ಸುದ್ದಿಯ ವಯಸ್ಸನ್ನು ನೋಡುತ್ತಿರುವುದು ಒಂದು ಉಪಾಯ. ಅದು ಕೆಲವು ನಿಮಿಷ ಮೀರಿದರೆ ದಾರಿಯಲ್ಲಿ ತಡೆಯಿದೆಯೆಂದು ಅರ್ಥ. ಐದು ನಿಮಿಷಕ್ಕೊಮ್ಮೆ "ದಾರಿ ತೆರೆದಿದೆ" ಎಂಬ ಬರಿಯ ಸುದ್ದಿಯೊಂದನ್ನು ಕಳುಹಿಸುವುದು ಇನ್ನೊಂದು. ನಾಡಿ ನಿಂತರೆ ರೋಗ ತಿಳಿಯುತ್ತದೆ.

ಈಗ ಕಂತೆಯೇ ಮೇಲಾಗುವ ಸಂದರ್ಭಗಳನ್ನು ನೋಡೋಣ. ಕೆಲವು ಕೆಲಸಗಳಿಗೆ ವೇಗಕ್ಕಿಂತ ಪೂರ್ಣತೆ ಮುಖ್ಯ. ತಿಂಗಳ ಸಂಬಳವನ್ನು ಲೆಕ್ಕ ಹಾಕಲು ತಿಂಗಳ ಹಾಜರಿಯೆಲ್ಲ ಬೇಕು. ಮೂರನೆಯ ತಾರೀಖಿನ ಹಾಜರಿ ಮೂರನೆಯ ತಾರೀಖೇ ಬಂದರೂ ಪ್ರಯೋಜನವಿಲ್ಲ. ಬೆಲೆ ಮತ್ತು ತೆರಿಗೆಗಳೂ ಹಾಗೆಯೇ. 2025ರ ಸೆಪ್ಟೆಂಬರ್ 22ರಿಂದ ಅನೇಕ ವಸ್ತುಗಳ ಜಿ.ಎಸ್.ಟಿ. ದರ ಬದಲಾಯಿತು. 4,000 ವಸ್ತುಗಳ ದರಗಳನ್ನು ಬಿಡಿಬಿಡಿಯಾಗಿ ಕಳುಹಿಸಿದರೆ ಅರ್ಧ ಹೊಸದು, ಅರ್ಧ ಹಳೆಯದು ಎಂಬ ಸ್ಥಿತಿಯಲ್ಲಿ ಬಿಲ್ಲುಗಳು ಹುಟ್ಟಬಹುದು. ಜಾರಿಯ ದಿನಾಂಕದೊಡನೆ ಇಡೀ ಪಟ್ಟಿಯನ್ನು ಮುಂಚೆಯೇ ಕಳುಹಿಸಿ, ನಡುರಾತ್ರಿಯಲ್ಲಿ ಒಮ್ಮೆಗೇ ಬದಲಿಸುವುದೇ ಸರಿ.

ಕಂತೆಯ ಇನ್ನೊಂದು ಗುಣವೆಂದರೆ ಅದನ್ನು ಎಣಿಸಬಹುದು. ದಿನದ ಮಾರಾಟದ ಕಡತದ ಕೊನೆಯಲ್ಲಿ "ಬಿಲ್ಲುಗಳು 1,846, ಮೊತ್ತ ರೂ. 9,23,450" ಎಂಬ ಸಾಲು ಇರುತ್ತದೆ. ಇ.ಆರ್.ಪಿ.ಯು ತಾನೇ ಎಣಿಸಿ, ಕೂಡಿ, ಈ ಸಾಲಿನೊಡನೆ ಹೋಲಿಸುತ್ತದೆ. 1,845 ಬಿಲ್ಲುಗಳೇ ಇದ್ದರೆ ಕೊರತೆ ಕೂಡಲೇ ಬಯಲಾಗುತ್ತದೆ. ಬಿಡಿ ಸುದ್ದಿಗಳ ಹರಿವಿನಲ್ಲಿ "ಇಷ್ಟೇ, ಮುಗಿಯಿತು" ಎಂದು ಹೇಳುವ ಇಂಥ ಕೊನೆಯ ಸಾಲಿಲ್ಲ.

ಕಂತೆಗೂ ಅದರದೇ ಆದ ಕಾಯಿಲೆಗಳುಂಟು. ಕಡತದ 1,204ನೆಯ ಬಿಲ್ಲಿನಲ್ಲಿ ಇ.ಆರ್.ಪಿ.ಗೆ ಗೊತ್ತಿಲ್ಲದ ವಸ್ತುವಿನ ಸಂಕೇತವಿದ್ದರೆ ಕೆಲಸ ಅಲ್ಲಿಯೇ ನಿಲ್ಲುತ್ತದೆ. ಬೆಳಿಗ್ಗೆ ಬಂದ ನೌಕರ ಸಂಕೇತವನ್ನು ತಿದ್ದಿ ಕಡತವನ್ನು ಮೊದಲಿನಿಂದ ಓಡಿಸಿದರೆ ಮೊದಲ 1,203 ಬಿಲ್ಲುಗಳು ಎರಡು ಸಲ ಖಾತೆಗೆ ಏರುತ್ತವೆ! ಆದುದರಿಂದ ಪ್ರತಿಯೊಂದು ಬಿಲ್ಲಿನ ಸಂಖ್ಯೆಯನ್ನೂ ನೆನಪಿಟ್ಟುಕೊಂಡು, ಒಮ್ಮೆ ಬಂದುದನ್ನು ಮತ್ತೆ ಸೇರಿಸದಂತೆ ನೋಡಿಕೊಳ್ಳಬೇಕು. ಎರಡು ಪದ್ಧತಿಗಳಲ್ಲಿಯೂ ಎಚ್ಚರಿಕೆ ಒಂದೇ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ವ್ಯಾಪಾರ ಬೆಳೆದಂತೆ ರಾತ್ರಿಯ ಕೆಲಸವೂ ಉದ್ದವಾಗುತ್ತದೆ. 2 ಗಂಟೆಗೆ ಹೊರಟು 3ಕ್ಕೆ ಮುಗಿಯುತ್ತಿದ್ದುದು, ಅಂಗಡಿ ತೆರೆಯುವ ಹೊತ್ತಾದರೂ ಮುಗಿಯದಿದ್ದರೆ ಆ ದಿನದ ವ್ಯಾಪಾರ ಹಳೆಯ ಲೆಕ್ಕದ ಮೇಲೆ ನಡೆಯುತ್ತದೆ. ಮುಗಿಯುವ ವೇಳೆಯನ್ನು ದಿನದಿನವೂ ಬರೆದಿಟ್ಟರೆ ಈ ಅಪಾಯ ತಿಂಗಳುಗಳ ಮುಂಚೆಯೇ ಕಾಣುತ್ತದೆ.

ಎರಡು ಪದ್ಧತಿಗಳು ಒಂದರೊಡನೊಂದು ಬಾಳುವುದನ್ನು ನಾವು ನಿತ್ಯವೂ ಕಾಣುತ್ತೇವೆ. 2016ರಲ್ಲಿ ಆರಂಭವಾದ ಯು.ಪಿ.ಐ. ಮೂಲಕ ಅಂಗಡಿಯಲ್ಲಿ ಹಣ ಕೊಟ್ಟರೆ, ಬಂದ ಮೊತ್ತವನ್ನು ಪೆಟ್ಟಿಗೆಯೊಂದು ಕೂಡಲೇ ಕೂಗಿ ಹೇಳುತ್ತದೆ, ಇದು ಘಟನೆ. ಆದರೆ ಬ್ಯಾಂಕು ಬ್ಯಾಂಕುಗಳ ನಡುವಣ ಲೆಕ್ಕ ತೀರುವುದು ದಿನದ ಗೊತ್ತಾದ ಸುತ್ತುಗಳಲ್ಲಿ, ಕಂತೆಯಾಗಿ. ನಮ್ಮ ಪಾತ್ರೆ ಸಂಸ್ಥೆಯೂ ಹಾಗೆಯೇ ಮಾಡಬಹುದು. ಹಗಲಿನಲ್ಲಿ ಕುಕ್ಕರಿನ ಸುದ್ದಿಗಳು ಬಿಡಿಯಾಗಿ ಹೋಗಲಿ. ರಾತ್ರಿ 2 ಗಂಟೆಗೆ ಇ.ಆರ್.ಪಿ.ಯ ದಾಸ್ತಾನಿನ ಪೂರ್ಣ ಪಟ್ಟಿಯನ್ನು ಜಾಲತಾಣದ ಪಟ್ಟಿಯೊಡನೆ ಸಾಲುಸಾಲಾಗಿ ಹೋಲಿಸಲಿ. ಎರಡೂ ಒಪ್ಪಿದರೆ ಹಗಲಿನ ಸುದ್ದಿಗಳು ಸರಿಯಾಗಿ ತಲುಪಿದುವೆಂದು ತಿಳಿಯುತ್ತದೆ. ಒಪ್ಪದಿದ್ದರೆ, ಒಪ್ಪದ ಸಾಲುಗಳನ್ನು ತಿದ್ದುವುದರೊಡನೆ ಅವುಗಳ ಸಂಖ್ಯೆಯನ್ನೂ ಬರೆದಿಡಬೇಕು. ಆ ಸಂಖ್ಯೆ ರಾತ್ರಿಯಿಂದ ರಾತ್ರಿಗೆ ಏರುತ್ತಿದ್ದರೆ ಹಗಲಿನ ದಾರಿಯಲ್ಲಿ ಎಲ್ಲಿಯೋ ಸುದ್ದಿ ಸೋರುತ್ತಿದೆ. ಕುಕ್ಕರಿಗಾಗಿ ಹಣ ಕೊಟ್ಟ ಮೂರನೆಯ ಗ್ರಾಹಕನು ದೂರುವ ಮೊದಲೇ ಆ ಸೋರಿಕೆಯನ್ನು ಹುಡುಕಬಹುದು.