ಎರಡು ಬೆರಳು, ನಾಲ್ಕು ಬೆರಳು, ಆರು ಬೆರಳು

ಬೆಂಗಳೂರಿನ ಹಳೆಯ ಕಟಿಂಗ್ ಶಾಪುಗಳಿಗೆ ಮಂಗಳವಾರ ರಜೆ, ಭಾನುವಾರ ಜಾತ್ರೆ. ಜಯನಗರದ ನಾಲ್ಕನೇ ಬ್ಲಾಕಿರಲಿ, ಬನಶಂಕರಿಯ ಎರಡನೇ ಹಂತವಿರಲಿ, ಬೆಳಗ್ಗೆ ಎಂಟಕ್ಕೇ ಬೆಂಚು ತುಂಬಿರುತ್ತದೆ. ಕಾಯುತ್ತ ಕೂತ ಹುಡುಗರ ಫೋನಿನಲ್ಲಿ ಒಂದೊಂದು ಫೋಟೊ ತಯಾರಾಗಿರುತ್ತದೆ. ಹೆಚ್ಚಾಗಿ ಅವು ಮೂರೇ ಬಗೆಯವು. ಮುಂದಿನ ಕೂದಲನ್ನೆಲ್ಲ ಎತ್ತಿ ಹಿಂದಕ್ಕೆ ಉರುಳಿಸಿದ ಪಾಂಪಡೋರ್, ಹಣೆಯ ಮೇಲಿನದನ್ನಷ್ಟೇ ಎಬ್ಬಿಸಿ ಮಿಕ್ಕದ್ದನ್ನು ಸಡಿಲ ಬಿಟ್ಟ ಕ್ವಿಫ್, ಗಿಡ್ಡಗೆ ಕತ್ತರಿಸಿ ಹಣೆಯ ಕಡೆಗೇ ಇಳಿಬಿಟ್ಟ ಟೆಕ್ಸ್‌ಚರ್ಡ್ ಕ್ರಾಪ್.

ಪಳಗಿದ ಕೈಯವರು ಫೋಟೊ ನೋಡುವುದು ಆಮೇಲೆ. ಮೊದಲು ಗಿರಾಕಿಯ ಮುಂದಲೆಯ ಕೂದಲನ್ನು ಬೆರಳ ಸಂದಿಯಲ್ಲಿ ಹಿಡಿದು ಮೇಲಕ್ಕೆಳೆದು, ಎಷ್ಟು ಬೆರಳು ಉದ್ದವಿದೆ ಎಂದು ನೋಡುತ್ತಾರೆ. ಒಂದು ಬೆರಳಿನ ಅಗಲ ಸುಮಾರು ಎರಡು ಸೆಂಟಿಮೀಟರ್. ಎರಡು ಬೆರಳಿದ್ದರೆ ಕ್ರಾಪ್, ನಾಲ್ಕಿದ್ದರೆ ಕ್ವಿಫ್, ಆರರ ಹತ್ತಿರ ಬಂದರೆ ಪಾಂಪಡೋರ್. ಹೆಸರುಗಳು ಮೂರಾದರೂ ಕೂದಲಿನ ಲೆಕ್ಕದಲ್ಲಿ ಇವು ಒಂದೇ ಏಣಿಯ ಮೂರು ಮೆಟ್ಟಿಲು. ಇಳಿಯುವುದು ಅರ್ಧ ಗಂಟೆಯ ಕೆಲಸ, ಹತ್ತುವುದು ತಿಂಗಳುಗಳ ಕೆಲಸ.

ಪಾಂಪಡೋರ್ ಎಂಬ ಹೆಸರು ಬಂದದ್ದು ಫ್ರಾನ್ಸಿನ ದೊರೆ ಹದಿನೈದನೇ ಲೂಯಿಯ ಪ್ರೇಯಸಿ ಮದಾಂ ದ ಪಾಂಪಡೋರ್‌ಳಿಂದ. ಗಂಡಸರ ತಲೆಗೆ ಅದನ್ನು ಹತ್ತಿಸಿದ್ದು 1950ರ ದಶಕದ ಎಲ್ವಿಸ್ ಪ್ರೀಸ್ಲಿ. ಅದೇ ಕಾಲದಲ್ಲಿ ದೇವಾನಂದ್ ಪಫ್ ಬಿಟ್ಟದ್ದನ್ನು ಕಂಡವರಿಗೆ ಇದೇನೂ ಹೊಸದಲ್ಲ. ನಮ್ಮ ತಂದೆಯ ಕಾಲದವರು ಕೊಬ್ಬರಿ ಎಣ್ಣೆ ಹಚ್ಚಿ, ಬಾಚಣಿಗೆಯ ಹಿಂಬದಿಯಿಂದ ಒತ್ತಿ ಎತ್ತುತ್ತಿದ್ದ ಪಫ್ಪೇ ಇಂದು ಡ್ರೈಯರ್ ಮತ್ತು ಪೊಮೇಡಿನ ಜೊತೆ ಮರಳಿ ಬಂದಿದೆ.

ಈಗ ವಿಷಯಕ್ಕೆ ಬರೋಣ. ನಮ್ಮಲ್ಲಿ ಬಹಳ ಗಂಡಸರದ್ದು ನೇರ ಕೂದಲು, ಮಧ್ಯಮ ದಪ್ಪ. ಎಳೆ ಎಷ್ಟು ದಪ್ಪ ಎಂದು ತಿಳಿಯಲು ಉದುರಿದ ಒಂದು ಕೂದಲನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿದರೆ ಸಾಕು. ಏನೂ ತಿಳಿಯದಿದ್ದರೆ ತೆಳು, ದಾರದ ಹಾಗೆ ಸಿಕ್ಕಿದರೆ ದಪ್ಪ, ಇದೆಯೋ ಇಲ್ಲವೋ ಎನ್ನುವಷ್ಟು ಸಿಕ್ಕಿದರೆ ಮಧ್ಯಮ. ತಲೆಯಲ್ಲಿ ಕೂದಲು ಒತ್ತಾಗಿದೆಯೋ ವಿರಳವಾಗಿದೆಯೋ ಎಂಬುದು ಬೇರೆ ಪ್ರಶ್ನೆ. ಒತ್ತಾಗಿರುವುದನ್ನೇ ದಪ್ಪ ಎಂದುಕೊಂಡು ತಪ್ಪು ಕಟಿಂಗ್ ಮಾಡಿಸಿಕೊಳ್ಳುವವರು ಬೇಕಾದಷ್ಟು ಜನ.

ನೇರ ಕೂದಲಿನ ಕಷ್ಟ ಒಂದೇ, ಅದು ಜಾರುತ್ತದೆ. ಗುಂಗುರು ಎಳೆಗಳು ಒಂದಕ್ಕೊಂದು ತೊಡರಿಕೊಂಡು ಪರಸ್ಪರ ಹಿಡಿದುಕೊಳ್ಳುತ್ತವೆ. ನೇರ ಎಳೆಗೆ ಅಂಥ ಆಸರೆಯಿಲ್ಲ. ಮಧ್ಯಮ ದಪ್ಪದ್ದಾದರೆ ಎರಡು ಮೂರು ಸೆಂಟಿಮೀಟರ್ ಇರುವಾಗ ತಾನಾಗಿ ನೆಟ್ಟಗೆ ನಿಲ್ಲುತ್ತದೆ, ಐದಾರು ದಾಟಿದ ಮೇಲೆ ತನ್ನ ಭಾರಕ್ಕೇ ಬಾಗುತ್ತದೆ. ಪಾಂಪಡೋರ್‌ನಲ್ಲಿ ಹನ್ನೊಂದು ಹನ್ನೆರಡು ಸೆಂಟಿಮೀಟರ್ ಕೂದಲನ್ನು ಇಡೀ ದಿನ ನಿಲ್ಲಿಸಬೇಕು. ಅದನ್ನು ನಿಲ್ಲಿಸುವುದು ತುದಿಗೆ ಮೆತ್ತಿದ ಪೊಮೇಡಲ್ಲ, ಬುಡದ ದಿಕ್ಕು. ಒದ್ದೆಯಾದಾಗ ಕೂದಲಿನ ಒಳಗಿನ ದುರ್ಬಲ ಬಂಧಗಳು ಸಡಿಲವಾಗುತ್ತವೆ, ಒಣಗುವಾಗ ಯಾವ ಆಕಾರದಲ್ಲಿದೆಯೋ ಅದೇ ಆಕಾರದಲ್ಲಿ ಮತ್ತೆ ಬಿಗಿಯುತ್ತವೆ. ಆದ್ದರಿಂದ ಟವೆಲಿನಿಂದ ಒತ್ತಿ ಒರೆಸಿದ ಅರೆಹಸಿ ಕೂದಲನ್ನು ದುಂಡು ಬ್ರಷ್ಷಿಗೆ ಸುತ್ತಿ, ಬುಡಕ್ಕೆ ಬಿಸಿಗಾಳಿ ಬಿಟ್ಟು, ಕೊನೆಗೆ ತಣ್ಣನೆ ಗಾಳಿಯಲ್ಲಿ ಆರಿಸಬೇಕು. ಆಮೇಲಷ್ಟೇ ಪೊಮೇಡು. ಕಲಿತ ಕೈಗೂ ಹತ್ತು ನಿಮಿಷ ಬೇಕು. ಮಳೆಗಾಲದ ಬೆಂಗಳೂರಿನ ತೇವದ ಗಾಳಿ ಅದೇ ಬಂಧಗಳನ್ನು ಮತ್ತೆ ಸಡಿಲಿಸುತ್ತದೆ. ಬೆಳಗ್ಗೆ ಎತ್ತಿದ್ದು ಮಧ್ಯಾಹ್ನ ಊಟದ ಹೊತ್ತಿಗೆ ಹಣೆಗೆ ಬಿದ್ದಿದ್ದರೆ ಪೊಮೇಡನ್ನು ಬೈಯಬೇಡಿ, ಬುಡ ಪೂರ್ತಿ ಒಣಗಿರಲಿಲ್ಲ.

ಪಾಂಪಡೋರ್ ಕೆಡುವ ಇನ್ನೊಂದು ಬಗೆ ನಡುವೆ ಸೀಳುವುದು. ಮುಂದಲೆಯಿಂದ ನೆತ್ತಿಯವರೆಗೆ ಒಂದೇ ಉದ್ದ ಬಿಟ್ಟರೆ ಹೀಗಾಗುತ್ತದೆ. ಹಣೆಯಲ್ಲಿ ಹನ್ನೊಂದಿದ್ದರೆ ನೆತ್ತಿಗೆ ಬರುವ ಹೊತ್ತಿಗೆ ಆರಕ್ಕೆ ಇಳಿದಿರಬೇಕು. ಹಿಂದಿನ ಗಿಡ್ಡ ಕೂದಲೇ ಮುಂದಿನದಕ್ಕೆ ದಿಂಬಾಗುತ್ತದೆ. ಮುಂದಲೆಯಲ್ಲಿ ಸುಳಿ ಇದ್ದವರಿಗೆ ಎಷ್ಟು ಸರಿಯಾಗಿ ಕತ್ತರಿಸಿದರೂ ಸೀಳುತ್ತದೆ, ಅಂಥವರು ಈ ಆಸೆ ಬಿಡುವುದೇ ಒಳ್ಳೆಯದು. ಅದೇ ಸುಳಿ ಕ್ವಿಫ್‌ಗೆ ವರ. ಕೂದಲು ಯಾವ ಕಡೆಗೆ ಎದ್ದಿದೆಯೋ ಆ ಕಡೆಗೇ ಎತ್ತಿಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಕ್ವಿಫ್‌ಗೆ ಹಣೆಯ ಮೇಲೆ ಏಳೆಂಟು ಸೆಂಟಿಮೀಟರ್, ನೆತ್ತಿಯಲ್ಲಿ ಮೂರು ನಾಲ್ಕು. ಒಣಗಿಸುವಾಗ ಮೊದಲು ಎಲ್ಲವನ್ನೂ ಮುಂದಕ್ಕೆ ತಂದು, ಆಮೇಲೆ ಬೆರಳಿನಿಂದ ಮೇಲಕ್ಕೆತ್ತಬೇಕು. ಬ್ರಷ್ ಬೇಕಿಲ್ಲ. ಕಡಲೆಕಾಳಿನಷ್ಟು ಕ್ಲೇಯನ್ನು ಅಂಗೈಯಲ್ಲಿ ಕಾಣದಷ್ಟು ಉಜ್ಜಿ, ಮೊದಲು ಹಿಂಬದಿಗೆ ಹಚ್ಚಿ, ಕೈಯಲ್ಲಿ ಉಳಿದದ್ದನ್ನು ಮುಂದಕ್ಕೆ ಹಚ್ಚಬೇಕು. ಎಲ್ಲರೂ ಮಾಡುವುದು ಇದಕ್ಕೆ ತಿರುಗಾಮುರುಗ. ಮೊದಲ ಮುಷ್ಟಿ ಹಣೆಯ ಮೇಲೆ ಬೀಳುತ್ತದೆ, ಭಾರಕ್ಕೆ ಕೂದಲು ಮಲಗುತ್ತದೆ. ಜೆಲ್ ಅಂತೂ ನೇರ ಕೂದಲಿಗೆ ಬೇಡವೇ ಬೇಡ. ಎಳೆಗಳನ್ನು ಅಂಟಿಸಿ ಸೂಜಿ ಮಾಡುತ್ತದೆ, ಸಂಜೆಗೆ ಹೊಟ್ಟಿನಂತೆ ಬಿಳಿ ಪುಡಿ ಉದುರುತ್ತದೆ.

ಕ್ರಾಪ್ ಸುಲಭ ಎಂದುಕೊಂಡವರು ಅದನ್ನು ನೇರ ಕೂದಲಿನ ಮೇಲೆ ಮಾಡಿ ನೋಡಬೇಕು. ಮೇಲಿನ ಕೂದಲು ನಾಲ್ಕು ಸೆಂಟಿಮೀಟರ್, ಹಣೆಯ ಮೇಲಿನದು ಇನ್ನೂ ತುಸು ಗಿಡ್ಡ, ಅಂದರೆ ತಾನಾಗಿ ನೆಟ್ಟಗೆ ನಿಲ್ಲುವ ಉದ್ದಕ್ಕೆ ತೀರ ಹತ್ತಿರ. ಸುಮ್ಮನೆ ಅಡ್ಡಕ್ಕೆ ಕತ್ತರಿಸಿದರೆ ಹಣೆಯ ಮೇಲೆ ಒಂದು ಗೆರೆ ಬೀಳುತ್ತದೆ, ಕತ್ತರಿಯ ಪ್ರತಿ ಏಟೂ ಕಾಣುತ್ತದೆ. ಅದಕ್ಕೇ ಕತ್ತರಿಯ ತುದಿಯನ್ನು ಕೂದಲಿನೊಳಕ್ಕೆ ನಿಲುವಾಗಿ ಇಳಿಸಿ, ಒಂದು ಎಳೆ ಗಿಡ್ಡ, ಪಕ್ಕದ್ದು ಉದ್ದ ಆಗುವ ಹಾಗೆ ಕಚ್ಚಬೇಕು. ಟೆಕ್ಸ್‌ಚರ್ ಎನ್ನುವುದು ಇದನ್ನೇ. ಗುಂಗುರು ಕೂದಲಿಗೆ ಹುಟ್ಟಿನಿಂದ ಬಂದ ಆಸರೆಯನ್ನು ನೇರ ಕೂದಲಿಗೆ ಕತ್ತರಿಯಿಂದ ಮಾಡಿಕೊಡುವುದು. ಈ ಕೊನೆಯ ಕೆಲಸವನ್ನು ಒಣಗಿದ ಕೂದಲ ಮೇಲೆ ಮಾಡಬೇಕು. ಒದ್ದೆಯಲ್ಲಿ ಎಲ್ಲ ಎಳೆಯೂ ಒಂದೇ ಉದ್ದವಾಗಿ ಕಾಣುತ್ತದೆ.

ಆತುರದವರು ಈ ಕಷ್ಟ ತಪ್ಪಿಸಿಕೊಳ್ಳಲು ಹಲ್ಲಿನ ಕತ್ತರಿ ಹಿಡಿಯುತ್ತಾರೆ. ಅದನ್ನು ತುದಿಯ ಮೂರನೇ ಒಂದು ಪಾಲಿನಲ್ಲಿ ಆಡಿಸಿದರೆ ಅಡ್ಡಿಯಿಲ್ಲ. ಬುಡದ ಹತ್ತಿರ ಆಡಿಸಿದರೆ ಅಲ್ಲಿ ಉಳಿದ ಮೊಟಕುಗಳು ಎರಡು ವಾರದಲ್ಲಿ ಮುಳ್ಳಾಗಿ ಎದ್ದು ಮೇಲಿನ ಕೂದಲನ್ನು ನೂಕುತ್ತವೆ. ಮನೆಯಲ್ಲಿ ಅಂಗೈಯನ್ನು ಹಿಂದಿನಿಂದ ಮುಂದಕ್ಕೆ ಸವರಿ ನೋಡಿ, ಬುಡದಲ್ಲಿ ಚುಚ್ಚಿದರೆ ಕಾರಣ ಅದೇ.

ಮೂರಕ್ಕೂ ಸಲ್ಲುವ ಮಾತು ಪಕ್ಕದ ಕೂದಲಿನದು. ಕಿವಿಯ ಮೇಲಿನ ನೇರ ಕೂದಲು ಒಂದೂವರೆಯಿಂದ ಮೂರು ಸೆಂಟಿಮೀಟರ್ ಇರುವಾಗ ಅಡ್ಡಕ್ಕೆ ಚಾಚುತ್ತದೆ, ಮುಖ ಅಗಲವಾಗಿ ಕಾಣುತ್ತದೆ. ಆದ್ದರಿಂದ ಅಲ್ಲಿ ಒಂದು ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಮಿಷನ್ನಿನ ಎರಡನೇ ನಂಬರು ಅಂದರೆ ಆರು ಮಿಲಿಮೀಟರ್, ಮೂರನೇದು ಹತ್ತಿರಹತ್ತಿರ ಹತ್ತು. ಕ್ವಿಫ್, ಪಾಂಪಡೋರ್‌ಗೆ ಇವೆರಡರ ನಡುವೆ ಇಳಿಸಿದರೆ ಸಾಕು. ಜೀರೋ ಫೇಡ್ ಒಪ್ಪುವುದು ಕ್ರಾಪ್‌ಗೆ. ಉದ್ದ ಕೂದಲಿನ ಕೆಳಗೆ ಬೋಳು ಪಕ್ಕ ಇಟ್ಟರೆ ಟೋಪಿ ಇಟ್ಟಂತಿರುತ್ತದೆ ಎಂಬುದು ನನ್ನ ಅಭಿಪ್ರಾಯ, ಹುಡುಗರು ಒಪ್ಪಲಿಕ್ಕಿಲ್ಲ.

ದಕ್ಷಿಣ ಬೆಂಗಳೂರಿನಲ್ಲಿ ಆಯ್ಕೆಯನ್ನು ತೀರ್ಮಾನಿಸುವುದು ಕನ್ನಡಿಗಿಂತ ಹೆಚ್ಚಾಗಿ ಹೆಲ್ಮೆಟ್. ಹಿಂದೆ ಕೂತವರಿಗೂ 2016ರಿಂದ ಅದು ಕಡ್ಡಾಯ. ಬನ್ನೇರುಘಟ್ಟ ರಸ್ತೆಯಲ್ಲಿ ಮುಕ್ಕಾಲು ಗಂಟೆ ಹೆಲ್ಮೆಟ್ಟಿನೊಳಗೆ ಬೆವೆತ ತಲೆಯಲ್ಲಿ ಯಾವ ಪಾಂಪಡೋರೂ ಬದುಕದು. ಬೆವರು ಬಂಧ ಸಡಿಲಿಸುತ್ತದೆ, ಹೆಲ್ಮೆಟ್ ಒತ್ತಿ ಹಿಡಿಯುತ್ತದೆ, ಕೂದಲು ಆ ಒತ್ತಿದ ಆಕಾರದಲ್ಲೇ ಒಣಗುತ್ತದೆ. ಕ್ವಿಫ್ ಮಲಗಿದರೂ ಆಫೀಸಿನ ನಲ್ಲಿಯಲ್ಲಿ ಬೆರಳು ಒದ್ದೆ ಮಾಡಿ ಬುಡ ಉಜ್ಜಿದರೆ ಮುಕ್ಕಾಲು ಪಾಲು ಏಳುತ್ತದೆ. ಕ್ರಾಪ್ ಹೇಗೂ ಮುಂದಕ್ಕೇ ಬಿದ್ದಿರುವುದರಿಂದ ಒಂದು ಸಲ ಕೆದರಿದರೆ ಆಯಿತು. ಬನಶಂಕರಿ, ಜೆ.ಪಿ. ನಗರಗಳಿಂದ ಹಸಿರು ಮಾರ್ಗ ಹಿಡಿಯುವವರಿಗೆ ಈ ತಾಪತ್ರಯವಿಲ್ಲ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಬಿ.ಟಿ.ಎಂ. ಲೇಔಟಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರೂ ಕ್ವಿಫ್ ಕೆಡದಂತೆ ತಲುಪಬಹುದು.

ನೀರಿನದೂ ಒಂದು ಪಾತ್ರವಿದೆ. ಕಾವೇರಿ ಬಾರದ ದಿನ ಬೋರ್‌ವೆಲ್ಲಿನ, ಟ್ಯಾಂಕರಿನ ಗಡಸು ನೀರಿನಲ್ಲಿ ತಲೆ ತೊಳೆದರೆ ಸುಣ್ಣದಂಶ ಎಳೆಗೆ ಹತ್ತಿ ಕೂದಲು ಒರಟಾಗುತ್ತದೆ, ಎಣ್ಣೆಯ ಪೊಮೇಡು ಬಿಡುವುದೇ ಇಲ್ಲ. ನೀರಿನಲ್ಲಿ ಕರಗುವ ಪೊಮೇಡನ್ನೇ ಕೊಳ್ಳಿ, ಕೊನೆಯ ಒಂದು ಚೊಂಬನ್ನು ಕುಡಿಯುವ ನೀರಿನಿಂದ ಸುರಿದುಕೊಳ್ಳಿ. ಆ ಒರಟುತನ ತುಸು ಇದ್ದರೆ ಕ್ವಿಫ್ ಚೆನ್ನಾಗಿ ನಿಲ್ಲುತ್ತದೆ ಎಂಬುದೂ ನಿಜ.

ಒಂದು ಉದಾಹರಣೆ ಹಿಡಿಯೋಣ. ಈಗ ಕ್ರಾಪ್ ಇರುವ ಹುಡುಗನಿಗೆ ಫೆಬ್ರವರಿಯಲ್ಲಿ ಮದುವೆ, ಆರತಕ್ಷತೆಗೆ ಪಾಂಪಡೋರ್ ಬೇಕು. ನಾಲ್ಕು ಸೆಂಟಿಮೀಟರ್ ಹನ್ನೊಂದಾಗಬೇಕು. ಕೂದಲು ಬೆಳೆಯುವುದು ತಿಂಗಳಿಗೆ ಒಂದೂಕಾಲು ಸೆಂಟಿಮೀಟರಿನ ಆಸುಪಾಸು. ಏಳಕ್ಕೆ ಸುಮಾರು ಆರು ತಿಂಗಳು, ಅಂದರೆ ಆಗಸ್ಟಿನಿಂದಲೇ ಮೇಲೆ ಕತ್ತರಿ ತಾಗಿಸಬಾರದು. ಮೂರು ನಾಲ್ಕು ವಾರಕ್ಕೊಮ್ಮೆ ಹೋಗಿ, "ಅಣ್ಣಾ, ಸೈಡ್ ಮಾತ್ರ ಇಳಿಸಿ, ಮೇಲೆ ಮುಟ್ಟಬೇಡಿ" ಎನ್ನಬೇಕು. ಅಕ್ಟೋಬರಿನಲ್ಲಿ ಎಚ್ಚರವಾದರೆ ಫೆಬ್ರವರಿಗೆ ಒಂಬತ್ತೇ ಸೆಂಟಿಮೀಟರ್, ಆಗ ಕ್ವಿಫ್ ಎಂದು ಸಮಾಧಾನ ಮಾಡಿಕೊಳ್ಳಬೇಕು. ಇನ್ನೊಂದು ಸಂಗತಿ, ನಮ್ಮಲ್ಲಿ ಆರತಕ್ಷತೆ ಹೆಚ್ಚಾಗಿ ಹಿಂದಿನ ಸಂಜೆ, ಮುಹೂರ್ತ ಮಾರನೆಯ ಬೆಳಗ್ಗೆ. ಎಣ್ಣೆಶಾಸ್ತ್ರ ಆರತಕ್ಷತೆಯ ದಿನವೇ ಬಿದ್ದರೆ ಎರಡು ಸಲ ಶಾಂಪೂ ಹಾಕದೆ ಕೂದಲು ಏಳದು. ಮುಹೂರ್ತಕ್ಕೆ ಮೈಸೂರು ಪೇಟ ತಲೆಗೇರುವುದರಿಂದ ಅಂದು ಡ್ರೈಯರ್ ಮುಟ್ಟುವ ಶ್ರಮವೇ ಬೇಡ.

ದಿನಾ ಹೆಲ್ಮೆಟ್ ಹಾಕುವವರಿಗೆ ಕ್ರಾಪ್, ಮೆಟ್ರೊ ಅಥವಾ ಕಾರಿನವರಿಗೆ ಕ್ವಿಫ್, ಪಾಂಪಡೋರ್ ಸಮಾರಂಭಕ್ಕೆ. ಎರಡು ಕಡೆ ಹಣೆ ಮೇಲೇರುತ್ತಿರುವವರು ಕ್ರಾಪ್ ಬಿಟ್ಟು ಬೇರೆಡೆ ನೋಡುವುದು ಬೇಡ, ಉಳಿದೆರಡೂ ಅದನ್ನೇ ಎತ್ತಿ ತೋರಿಸುತ್ತವೆ. ಯಾವುದೆಂದು ತಿಳಿಯದವರು ಉದ್ದ ಬಿಟ್ಟುಕೊಂಡೇ ಅಂಗಡಿಗೆ ಹೋಗಿ, ಮೊದಲು ನಾಲ್ಕು ಬೆರಳಿಗೆ ಇಳಿಸಲು ಹೇಳಿ, ಎರಡು ವಾರ ಇಟ್ಟು ನೋಡಿ. ಭಾನುವಾರ ಮಾತ್ರ ಹೋಗಬೇಡಿ. ಒಣಗಿಸಿ ಕತ್ತರಿಸುವಷ್ಟು ಪುರುಸೊತ್ತು ಅಂಗಡಿಯವರಿಗೆ ಸಿಗುವುದು ಬುಧವಾರ ಮಧ್ಯಾಹ್ನ.